ನಾಲ್ಕು ಬೆಚ್ಚನೆ, ಮೂರು ಮೃದು

ಉತ್ತರದ ಚಳಿನಾಡಿನ ಬೋರೋಸ್ ಊರಿನ ಒಂದು ಅಂಚೆ ಮಾರಾಟದ ಕಂಪನಿಯಲ್ಲಿ ಯೋರ್ಡಿಸ್ ಮಾಲ್ಮ್‌ಗ್ರೆನ್ ಕೆಲಸಕ್ಕೆ ಸೇರಿದ್ದು ಸಾಮಾನು ವಾಪಸು ಬರುವ ವಿಭಾಗಕ್ಕೆ. ಕ್ಯಾಟಲಾಗಿನಲ್ಲಿ ಚಿತ್ರ ನೋಡಿ ತರಿಸಿಕೊಂಡವರು ಇಷ್ಟವಾಗದಿದ್ದರೆ ಅದೇ ಡಬ್ಬಿಯಲ್ಲಿ ತುಂಬಿ ಹಿಂದಕ್ಕೆ ಕಳಿಸುತ್ತಿದ್ದರು. ದೇಶದ ಮೂಲೆಮೂಲೆಯಿಂದ ಬಂದ ಆ ಡಬ್ಬಿಗಳ ದಾರ ಬಿಚ್ಚುವುದು, ಏಕೆ ಬೇಡವಾಯಿತೆಂದು ಅವರು ಬರೆದ ಚೀಟಿ ಓದುವುದು, ಸಾಮಾನನ್ನು ಮತ್ತೆ ಕಪಾಟಿಗೆ ಸೇರಿಸುವುದು, ಇಷ್ಟೇ ಅವಳ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದ ಮೇಲೆ ಅವಳಿಗೊಂದು ವಿಷಯ ಮನದಟ್ಟಾಗಿತ್ತು. ಸಾಮಾನು ಕೆಟ್ಟದ್ದೆಂದು ಹಿಂದಿರುಗಿಸಿದವರು ಕಡಿಮೆ. ಓದಿದ್ದೊಂದು, ಬಂದದ್ದೊಂದು ಎಂದು ಮುನಿಸಿಕೊಂಡವರೇ ಹೆಚ್ಚು. 'ಕನಸಿನಂಥ ನೀಲಿ' ಎಂದು ಬರೆದ ಅಂಗಿ ಯಾರ ಕನಸಿಗೂ ಹೊಂದುತ್ತಿರಲಿಲ್ಲ. 'ಕಡುನೀಲಿ' ಎಂದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಇದನ್ನು ಊಟದ ಮನೆಯಲ್ಲಿ ಜೋರಾಗಿ ಹೇಳಿಯೇ ಅವಳು ಮೇಲಿನ ಮಹಡಿಯ ಕ್ಯಾಟಲಾಗಿನ ವಿಭಾಗಕ್ಕೆ ಹೋದದ್ದು. ಪಕ್ಕದ ಮೇಜಿನಲ್ಲಿ ಗುರುವಾರದ ಬಟಾಣಿ ಸಾರು ಕುಡಿಯುತ್ತಿದ್ದ ಕ್ಯಾಟಲಾಗಿನ ಮುಖ್ಯಸ್ಥ ಬಿರ್ಗರ್ ಚಮಚ ಕೆಳಗಿಟ್ಟು, "ಅಷ್ಟು ಗೊತ್ತಿದ್ರೆ ನೀನೇ ಬಂದು ಬರಿ ಮಾರಾಯ್ತಿ" ಎಂದ. ರೇಗಿಸಲು ಅಂದ ಮಾತು. ಯೋರ್ಡಿಸ್ ಮರುದಿನ ಬೆಳಿಗ್ಗೆ ತನ್ನ ಕಾಫಿ ಬಟ್ಟಲು ಹಿಡಿದುಕೊಂಡು ಅವನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

ಈ ಕಥೆ ನಡೆದಾಗ ಅವಳಿಗೆ ಐವತ್ತು ದಾಟಿತ್ತು, ಕ್ಯಾಟಲಾಗಿನ ಬರಹ ತಿದ್ದುವ ಕೆಲಸ ಅವಳದಾಗಿತ್ತು. ಗಂಡನೊಡನೆ ಬೇರೆಯಾಗಿ ಬಹಳ ಕಾಲವಾಗಿತ್ತು. ವಿಸ್ಕಾನ್ ಹೊಳೆಯ ದಡದ ಮೂರನೆಯ ಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದಳು, ಬೇಸರವಿಲ್ಲದೆ ಇದ್ದಳು. ಎತ್ತರದ ಹೆಂಗಸು, ದೊಡ್ಡ ನಗು. ಬರೆಯುವ ಹುಡುಗಿಯರು ತಂದ ಹಾಳೆಯ ಮೇಲೆ ಅವಳ ಪೆನ್ಸಿಲು ಓಡುತ್ತಿದ್ದಾಗ ಮಾತ್ರ ಆ ನಗು ಬಾಗಿಲಾಚೆ ಕಾಯುತ್ತಿತ್ತು. ಅವಳ ವಿಧಾನ ಸರಳ. ಬಣ್ಣಿಸುವ ಪದದ ಮೇಲೆ ಬೆರಳಿಟ್ಟು ಮುಚ್ಚಿ ವಾಕ್ಯ ಓದು. ಏನೂ ಕಳೆದುಹೋಗದಿದ್ದರೆ ಆ ಪದ ಬೇಡ. ಒಂದೇ ಪದ ಎರಡು ಸಲ ಬಂದಿದ್ದರೆ ಯಾವ ಕಡೆ ಕೆಲಸ ಮಾಡುತ್ತಿದೆಯೋ ಅಲ್ಲಿ ಉಳಿಸು, ಇನ್ನೊಂದನ್ನು ತೆಗೆ. ಹೊಗಳಿಕೆಯ ಮಾತು ಬಂದರೆ ಅದನ್ನು ತಿರುಗಿಸಿ ನೋಡು. "'ಎಚ್ಚರಿಕೆಯಿಂದ ಆರಿಸಿದ ಗುಣಮಟ್ಟ' ಅಂತೀಯಲ್ಲ, 'ಕಣ್ಮುಚ್ಚಿ ಆರಿಸಿದ ಕಳಪೆ ಮಾಲು' ಅಂತ ಯಾರಾದ್ರೂ ಮಾರ್ತಾರಾ? ಇಲ್ಲ ತಾನೆ? ಹಾಗಾದ್ರೆ ನೀನು ಏನೂ ಹೇಳಿಲ್ಲ" ಎನ್ನುತ್ತಿದ್ದಳು. ಹುಡುಗಿಯರು ಅವಳಿಗೆ ಕತ್ತರಿ ಎಂದು ಹೆಸರಿಟ್ಟಿದ್ದರು. ಅವಳಿಗದು ತಿಳಿದಿತ್ತು, ಹಿಗ್ಗೂ ಇತ್ತು.

ಆ ಚಳಿಗಾಲದಲ್ಲಿ ಬಿರ್ಗರ್ ಅವಳ ಮೇಜಿನ ಮೇಲೆ ಹಳೆಯ ಕ್ಯಾಟಲಾಗಿನ ಒಂದು ಪುಟ ಇಟ್ಟ.

"ಈ ಕಂಬಳಿ ನೋಡು. ಹೋದ ಶರತ್ಕಾಲದಲ್ಲಿ ಕಳಿಸಿದ್ರಲ್ಲಿ ಹತ್ತಿರ ಹತ್ತಿರ ಅರ್ಧ ವಾಪಸು ಬಂದಿದೆ. ನಾನು ಇದನ್ನ ಕೈಬಿಡೋಣ ಅಂತಿದ್ದೀನಿ."

"ಕಂಬಳಿ ಕೆಟ್ಟದಾ?"

"ಕೆಟ್ಟದ್ದಲ್ಲ, ಅದೇ ಸಂಕಟ. ಕಾಡಿನ ಕಡೆ ಒಬ್ಬ ಮುದುಕ, ಅವನ ಅಕ್ಕ, ಎರಡು ಮಗ್ಗ. ನಾವು ಬಿಟ್ರೆ ಅವರು ಬಾಗಿಲು ಹಾಕ್ಬೇಕಾಗತ್ತೆ. ಇನ್ನೊಂದು ಸಲ ಹಾಕಿ ನೋಡೋಣ. ಮಾತು ಬದಲಾಯಿಸು. ಜಾಗ ಮಾತ್ರ ಅಷ್ಟೇ ಇರೋದು."

ಯೋರ್ಡಿಸ್ ಕನ್ನಡಕ ಹಾಕಿಕೊಂಡು ಓದಿದಳು.

'ಅದ್ಭುತವಾದ, ವಿಶಿಷ್ಟವಾದ ಕಂಬಳಿ! ಮೃದುವಾದ, ಬೆಚ್ಚನೆಯ ಈ ಕಂಬಳಿಯನ್ನು ಎಚ್ಚರಿಕೆಯಿಂದ ಆರಿಸಿದ ಅತ್ಯುತ್ತಮ ಗುಣಮಟ್ಟದ ಬೆಚ್ಚನೆಯ ಉಣ್ಣೆಯಿಂದ ನೇಯಲಾಗಿದೆ. ಇದರ ಮೃದು ಸ್ಪರ್ಶ ನಿಮ್ಮ ಮನೆಗೆ ಬೆಚ್ಚನೆಯ ವಾತಾವರಣ ತರುತ್ತದೆ. ಸಂಪ್ರದಾಯ ಮತ್ತು ಗುಣಮಟ್ಟದ ಅಪೂರ್ವ ಸಂಗಮ. ನಿಮ್ಮ ಸಂಜೆಗಳನ್ನು ಮರೆಯಲಾಗದ ಅನುಭವವಾಗಿಸುವ ಈ ಅದ್ಭುತ, ಮೃದು, ಬೆಚ್ಚನೆಯ ಕಂಬಳಿ ಪ್ರತಿ ಮನೆಗೂ ಬೇಕೇ ಬೇಕು!'

"ಇದನ್ನ ಬರೆದವರು ಯಾರು? ನಮ್ಮ ಹುಡುಗೀರಲ್ಲ."

"ಮುದುಕನೇ. ನಮ್ಮೋರಿಗೆ ಪುರುಸೊತ್ತಿರ್ಲಿಲ್ಲ, ನಿನಗೂ ತೋರಿಸ್ದೆ ಹಾಗೇ ಹಾಕಿಬಿಟ್ರು."

ಪೆನ್ಸಿಲು ಹರಿತವಾಗಿತ್ತು. 'ಅದ್ಭುತ' ಎರಡೂ ಹೋದವು. 'ವಿಶಿಷ್ಟ' ಹೋಯಿತು. 'ಮೃದು' ಮೂರರಲ್ಲಿ ಒಂದು, 'ಬೆಚ್ಚನೆ' ನಾಲ್ಕರಲ್ಲಿ ಒಂದು ಉಳಿಯಿತು. ಸಂಗಮ, ಸಂಪ್ರದಾಯ, ವಾತಾವರಣ, ಮರೆಯಲಾಗದ ಸಂಜೆಗಳು ಒಂದೇ ಗೆರೆಗೆ ಮಾಯವಾದವು. ಕೊನೆಗೆ ಹಾಳೆಯ ಮೇಲೆ ನಿಂತದ್ದು ಇಷ್ಟು: 'ಉಣ್ಣೆಯಿಂದ ನೇಯ್ದ ಮೃದುವಾದ, ಬೆಚ್ಚನೆಯ ಕಂಬಳಿ.'

ಅವಳು ಅದನ್ನು ನೋಡುತ್ತ ಕುಳಿತಳು. ಅಷ್ಟು ಉದ್ದದ ಬರಹದಲ್ಲಿ ಕಂಬಳಿಯ ಅಳತೆ ಇಲ್ಲ, ತೂಕ ಇಲ್ಲ, ಯಾವ ಕುರಿಯ ಉಣ್ಣೆ ಎಂಬುದಿಲ್ಲ, ಒಗೆಯುವುದು ಹೇಗೆಂದು ಇಲ್ಲ. ಚಿತ್ರದ ಕೆಳಗೆ ಬಣ್ಣದ ಹೆಸರು ಕೂಡ ಇಲ್ಲ. ಕಂಪನಿಯ ಪದ್ಧತಿಯಂತೆ, ಕಳೆದದ್ದನ್ನೂ ಉಳಿದದ್ದನ್ನೂ ತೋರಿಸಿದ ಆ ಹಾಳೆಯ ಒಂದು ಪ್ರತಿಯನ್ನು ನೇಯುವವನಿಗೆ ಅಂಚೆಯಲ್ಲಿ ಕಳಿಸಿ, ಬೇಕಾದ ವಿವರಗಳನ್ನು ಫೋನಿನಲ್ಲಿ ತಿಳಿಸಬೇಕೆಂದು ಕೇಳಿಕೊಂಡಳು.

ಫೋನು ಬಂತು. ಗಂಟಲು ಗಟ್ಟಿಯಿತ್ತು.

"ನಾನು ಎವಾಲ್ಡ್ ಸ್ಟೆನ್‌ಹೊಲ್ಟ್. ನನ್ನ ಕಂಬಳೀನ ಕೊಂದೋರು ನೀವೇನಾ?"

ಆ ದೇಶದಲ್ಲಿ ಆ ಹೊತ್ತಿಗೆ ಮಂತ್ರಿಗೂ 'ನೀನು' ಎನ್ನುವುದು ರೂಢಿಯಾಗಿತ್ತು. 'ನೀವು' ಎಂದರೆ ಒಂದೋ ಹಳೇ ಕಾಲದವರು, ಇಲ್ಲವೇ ವಿಪರೀತ ಕೋಪ. ಇಲ್ಲಿ ಎರಡೂ ಇದ್ದವು.

"ಕಂಬಳೀನಲ್ಲ, ಎವಾಲ್ಡ್. ಪದಗಳನ್ನ" ಎಂದಳು ಯೋರ್ಡಿಸ್.

"ನಾಲ್ಕು ಸಲ ಬೆಚ್ಚನೆ ಅಂತ ಬರೆದಿದ್ದೆ. ಮೂರು ಹೊಡೆದು ಹಾಕಿದೀರಿ."

"ನಾಲ್ಕು ಸಲ ಹೇಳಿದ್ರೆ ನಾಲ್ಕರಷ್ಟು ಬೆಚ್ಚಗಾಗತ್ತಾ?"

"ಆಗತ್ತೆ! ಅಂದ್ರೆ… ಅದು ಅಷ್ಟು ಬೆಚ್ಚಗಿದೆ ಅಂತ ಜನಕ್ಕೆ ಗೊತ್ತಾಗೋದು ಬೇಡ್ವಾ?"

"ಬೇಕು. ಅದಕ್ಕೇ ಕೇಳ್ತಿದೀನಿ. ಎಷ್ಟು ಬೆಚ್ಚಗಿದೆ?"

ಆ ಕಡೆ ದೂರದಲ್ಲಿ ಮಗ್ಗ ಬಡಿಯುವುದು ಕೇಳುತ್ತಿತ್ತು.

"ಬಂದು ನೋಡಿ" ಎಂದವನೇ ಫೋನು ಇಟ್ಟುಬಿಟ್ಟ.

ಅವಳು ಹೋದಳು. ಇಂಥ ಕೆಲಸಕ್ಕೆ ಯಾರೂ ಊರು ಬಿಟ್ಟು ಹೋಗುತ್ತಿರಲಿಲ್ಲ. ಆದರೆ ಆ ಒಂಟಿ ಸಾಲು ಅವಳನ್ನು ಕಾಡುತ್ತಿತ್ತು. ತೆಗೆದುಹಾಕುವುದು ಅವಳಿಗೆ ಸಲೀಸು. ತೆಗೆದ ಜಾಗದಲ್ಲಿ ಇಡಲು ಕೈಯಲ್ಲಿ ಏನೂ ಇಲ್ಲದೆ ಹೋದದ್ದು ಅಪರೂಪ. ಬಸ್ಸು ಹಿಮದ ರಸ್ತೆಯಲ್ಲಿ ದೇವದಾರುಗಳ ನಡುವೆ ಸಾಗಿ, ಕೆರೆಯೊಂದರ ತಿರುವಿನಲ್ಲಿ ಅವಳನ್ನು ಇಳಿಸಿತು. ಕೆಂಪು ಬಣ್ಣ ಬಳಿದ ಮರದ ಮನೆ, ಅದರ ಬೆನ್ನಿಗೆ ಅಂಟಿಕೊಂಡ ನೇಯ್ಗೆಯ ಕೊಟ್ಟಿಗೆ. ಬಾಗಿಲಲ್ಲಿ ಗುಂಡಗಿನ, ಗಿಡ್ಡಗಿನ ಗಂಡಸೊಬ್ಬ ನಿಂತಿದ್ದ. ಫೋನಿನ ಗಂಟಲು ಕೇಳಿ ಭಾರಿ ಎತ್ತರದವನನ್ನು ನಿರೀಕ್ಷಿಸಿದ್ದ ಯೋರ್ಡಿಸ್‌ಗೆ ನಗು ತಡೆಯುವುದು ಕಷ್ಟವಾಯಿತು.

ಎವಾಲ್ಡ್ ನಗಲಿಲ್ಲ. ಒಳಗೆ ಕರೆದು, ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಅವಳ ಕೋಟು ತೆಗೆಸಿ, ಬೂದು ಕಂಬಳಿಯೊಂದನ್ನು ಹೆಗಲಿಂದ ಪಾದದವರೆಗೆ ಹೊದಿಸಿದ. ಆಮೇಲೆ ಕಿಟಕಿಯನ್ನು ಪೂರ್ತಿ ತೆರೆದ. ಹೊರಗೆ ಹೆಪ್ಪುಗಟ್ಟಿದ ಕೆರೆ. ಗಾಳಿ ಮುಖಕ್ಕೆ ಬಡಿಯಿತು.

"ಇವನಿಗೆ ತಲೆ ಕೆಟ್ಟಿದೆ" ಎಂದಿತು ಒಲೆಯ ಕಡೆಯಿಂದ ಒಂದು ದನಿ. ಅವನ ಅಕ್ಕ ಆಲ್ಫ್‌ಹಿಲ್ಡ್, ಎಪ್ಪತ್ತರ ಹೆಂಗಸು, ತೆಳ್ಳಗೆ ಕಡ್ಡಿಯ ಹಾಗಿದ್ದಳು. "ಬೋರೋಸಿಂದ ಬಂದೋಳನ್ನ ಹೆಪ್ಪುಗಟ್ಟಿಸಿ ವಾಪಸು ಕಳಿಸ್ತಾನೆ. ತಗೋಮ್ಮ, ಕಾಫಿ ಕುಡಿ."

ಕಾಫಿ ಬಂತು, ಏಲಕ್ಕಿ ಹಾಕಿದ ಬನ್ನು ಬಂತು. ಕಂಬಳಿಯೊಳಗೆ ಯೋರ್ಡಿಸ್ ಕಾದಳು. ಚಳಿ ಬರಲಿಲ್ಲ. ಮೂಗಿನ ತುದಿ ಕೆಂಪಾಯಿತು, ಬಟ್ಟಲು ಹಿಡಿದ ಬೆರಳು ಮರಗಟ್ಟಿದವು, ಆದರೆ ಬಟ್ಟೆಯೊಳಗಿನ ಮೈ ಒಲೆಯ ಮುಂದೆ ಕುಳಿತಂತಿತ್ತು. ಎವಾಲ್ಡ್ ಎದುರಿಗೆ ಬರೀ ಅಂಗಿಯಲ್ಲಿ ನಡುಗುತ್ತ ಅವಳ ಮುಖವನ್ನೇ ನೋಡುತ್ತಿದ್ದ.

"ಗಾಳಿ ಒಳಗೆ ಬರ್ತಾನೇ ಇಲ್ಲ" ಎಂದಳು ಅವಳು ಬೆರಗಿನಿಂದ.

"ಹೆಂಗೆ ಬರತ್ತೆ? ನೇಯ್ದ ಮೇಲೆ ಬಿಸಿನೀರು, ಸಾಬೂನು ಹಾಕಿ ಬಡಿದು ಬಡಿದು ಒತ್ತಾಗಿಸ್ತೀವಿ. ಮಗ್ಗದ ಮೇಲೆ ಇದು ಇನ್ನೂ ಅಗಲ ಇರತ್ತೆ, ಆಮೇಲೆ ಕುಗ್ಗಿ ಇಷ್ಟಾಗತ್ತೆ. ಎಳೆಎಳೆ ಒಂದಕ್ಕೊಂದು ಕಚ್ಚಿಕೊಂಡಿರತ್ತೆ."

"ಇದನ್ನ ಯಾಕೆ ಬರೀಲಿಲ್ಲ?"

"ಇದನ್ನಾ?" ಎವಾಲ್ಡ್‌ಗೆ ನಿಜಕ್ಕೂ ಅರ್ಥವಾಗಲಿಲ್ಲ. "ಇದು ಕೆಲಸ. ಕ್ಯಾಟಲಾಗ್ನಲ್ಲಿ ಯಾರೂ ಕೆಲಸದ ಮಾತು ಆಡಲ್ಲ. ನಾನು ಕ್ಯಾಟಲಾಗ್ ಓದೇ ಬರೆದಿದ್ದು. ಅಲ್ಲೆಲ್ಲ ಅದ್ಭುತ ಅಂತ್ಲೇ ಇತ್ತು."

ಯೋರ್ಡಿಸ್‌ಗೆ ತಟ್ಟಿತು. ಇವನ ಪದಗಳೆಲ್ಲ ಇವನವಲ್ಲ. ತಮ್ಮ ಕಂಪನಿಯ ಹಳೇ ಪುಟಗಳಿಂದಲೇ ಭಕ್ತಿಯಿಂದ ಹೆಕ್ಕಿಕೊಂಡವು. ಹಬ್ಬಕ್ಕೆ ಹೊರಟವನು ನೆರೆಮನೆಯವನ ಕೋಟು ಹಾಕಿಕೊಂಡ ಹಾಗೆ. ಅವಳಿಗೆ ಅವನ ಮೇಲೆ ಏನೋ ಅಕ್ಕರೆ ಉಕ್ಕಿತು. ಅದೇ ಹೊತ್ತಿಗೆ ಕತ್ತಿನ ಹತ್ತಿರ ಇನ್ನೇನೋ ಆಗುತ್ತಿತ್ತು. ಕೈಹಾಕಿ ಕೆರೆದುಕೊಂಡಳು. ಇನ್ನೊಮ್ಮೆ ಕೆರೆದುಕೊಂಡಳು.

"ಎವಾಲ್ಡ್, ಇದು ಚುಚ್ಚತ್ತೆ."

ಅವನ ಮುಖ ಸಣ್ಣದಾಯಿತು. ಒಲೆಯ ಬಳಿ ಆಲ್ಫ್‌ಹಿಲ್ಡ್ ಸೌಟು ಎತ್ತಿ ಹಿಡಿದು, "ದೇವರೇ! ಒಬ್ಬರಾದ್ರೂ ಹೇಳಿದ್ರಲ್ಲ!" ಎಂದಳು. "ನಮ್ಮಪ್ಪ ಇದ್ದಾಗಿಂದ ಬಡ್ಕೋತಿದೀನಿ, ಚುಚ್ಚತ್ತೆ ಕಣೋ, ಮೃದು ಅಂತ ಬರೀಬೇಡ ಅಂತ. ನನ್ನ ಮಾತು ಕೇಳಿದ್ರೆ ತಾನೆ."

"ಮೊದಲನೇ ಚಳಿಗಾಲ ಅಷ್ಟೇ ಚುಚ್ಚೋದು" ಎಂದ ಎವಾಲ್ಡ್ ಕುಂದಿದ ದನಿಯಲ್ಲಿ. "ಆಮೇಲೆ ಬಳಸಿ ಬಳಸಿ ಹದವಾಗತ್ತೆ. ನಂದು ನೋಡಿ ಬೇಕಾದ್ರೆ." ಒಳಗೆ ಹೋಗಿ ತನ್ನ ಹಾಸಿಗೆಯ ಮೇಲಿದ್ದ ಹಳೆಯ ಕಂಬಳಿ ತಂದ. ಅದೇ ನೇಯ್ಗೆ, ಅದೇ ಬೂದು. ಕೆನ್ನೆಗೆ ಒತ್ತಿಕೊಂಡರೂ ಏನೂ ಆಗಲಿಲ್ಲ. ಗಾಟ್‌ಲ್ಯಾಂಡ್ ದ್ವೀಪದ ಕುರಿಯ ಉಣ್ಣೆ, ಬಣ್ಣ ಕಟ್ಟಿಲ್ಲ, ಒಗೆಯುವುದು ಕಡಿಮೆ, ಹಿಮ ಬಿದ್ದ ದಿನ ಹೊರಗೆ ಹರವಿದರೆ ಸಾಕು ಎಂದೆಲ್ಲ ಹೇಳುತ್ತ ಹೋದ. ಹೇಳುತ್ತ ಹೇಳುತ್ತ 'ನೀವು' ಯಾವಾಗಲೋ 'ನೀನು' ಆಗಿತ್ತು. ಅದು ಅವನಿಗೆ ತಿಳಿಯಲಿಲ್ಲ. ಯೋರ್ಡಿಸ್‌ಗೆ ತಿಳಿಯಿತು. ಕೊನೆಗೆ ಆಲ್ಫ್‌ಹಿಲ್ಡ್ ಎದ್ದು ಬಂದು ಕಿಟಕಿ ಮುಚ್ಚಿದಳು.

ಯೋರ್ಡಿಸ್ ಅಲ್ಲೇ, ಅಡುಗೆಮನೆಯ ಮೇಜಿನ ಮೇಲೆ ಬರೆದಳು. ಬರೆದು, ಹೊಡೆದು, ಮತ್ತೆ ಬರೆದಳು. ಒಂದು ಪದ ಸೇರಿಸುವ ಮೊದಲು ತಲೆಯೆತ್ತಿ "ತೂಕ ಎಷ್ಟು?" ಎಂದು ಕೇಳಿದರೆ ಆಲ್ಫ್‌ಹಿಲ್ಡ್ ಆಲೂಗಡ್ಡೆ ತೂಗುವ ತಕ್ಕಡಿಗೆ ಕಂಬಳಿ ಹಾಕುತ್ತಿದ್ದಳು. ಮುಗಿದ ಮೇಲೆ ಓದಿ ಹೇಳಿದಳು.

'ಗಾಟ್‌ಲ್ಯಾಂಡ್ ಕುರಿಯ ಉಣ್ಣೆಯ ಕಂಬಳಿ. ಬಣ್ಣ ಹಾಕಿಲ್ಲ, ಈ ಬೂದು ಕುರಿಯದ್ದೇ. ಅಗಲ ನೂರಮೂವತ್ತು, ಉದ್ದ ಇನ್ನೂರು ಸೆಂಟಿಮೀಟರ್, ತೂಕ ಎರಡು ಕಿಲೋಗೆ ತುಸು ಕಡಿಮೆ. ನೇಯ್ದ ಮೇಲೆ ಬಿಸಿನೀರಿನಲ್ಲಿ ಬಡಿದು ಒತ್ತಾಗಿಸಿರುವುದರಿಂದ ಗಾಳಿ ನುಗ್ಗುವುದಿಲ್ಲ. ಚಳಿಗಾಲದಲ್ಲಿ ಕಿಟಕಿ ತೆರೆದಿಟ್ಟು ಹೊದ್ದು ಕೂರಬಹುದು. ಮೊದಲ ಚಳಿಗಾಲ ಚುಚ್ಚುತ್ತದೆ, ಒಳಗೆ ಹತ್ತಿಯ ಬಟ್ಟೆ ಇರಲಿ; ಬಳಸಿದಂತೆ ನಯವಾಗುತ್ತದೆ. ಒಗೆಯುವ ಬದಲು ಹೊರಗೆ ಗಾಳಿಗೆ ಹರವಿ.'

ಎವಾಲ್ಡ್ ಹಳೆಯ ಕಂಬಳಿಯ ಅಂಚನ್ನು ಬೆರಳಲ್ಲಿ ಉಜ್ಜುತ್ತಿದ್ದ.

"ಬೆಚ್ಚನೆ ಅನ್ನೋದು ಒಂದೂ ಇಲ್ಲ" ಎಂದ.

"ಇಲ್ಲ. ಬೇಕು ಅನ್ನಿಸ್ತಾ?"

ಅವನು ಬಹಳ ಯೋಚಿಸಿದ. "ಬೇಡ" ಎಂದ. "ಕಿಟಕಿ ಇದೆಯಲ್ಲ." ಆಮೇಲೆ ತಡವರಿಸುತ್ತ, "ಚುಚ್ಚೋ ಮಾತು ಮಾತ್ರ… ಅದನ್ನ ಹೇಳ್ಬೇಕಾ? ಜನ ನಗಲ್ವಾ?"

"ಹೇಳದೇ ಇದ್ರೆ ಡಬ್ಬಿ ಬಿಚ್ಚಿದ ಮೇಲೆ ಅವರಿಗೇ ಗೊತ್ತಾಗತ್ತೆ. ಆಗ ನೀನು ಸುಳ್ಳುಗಾರ ಆಗ್ತೀಯ. ಮೊದಲೇ ಹೇಳಿದ್ರೆ ಅವರು ಒಳಗೊಂದು ಬಟ್ಟೆ ಹಾಕ್ಕೋತಾರೆ ಅಷ್ಟೇ."

"ಸುಳ್ಳುಗಾರ ಅಲ್ಲ ನಾನು."

"ಗೊತ್ತು" ಎಂದಳು ಯೋರ್ಡಿಸ್. "ಅದಕ್ಕೇ ಇಷ್ಟು ದೂರ ಬಂದಿದ್ದು."

ಬಿರ್ಗರನನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಹಾಳೆ ಓದಿ ಅವನು ತಲೆಯ ಮೇಲೆ ಕೈಯಿಟ್ಟುಕೊಂಡ.

"ಚುಚ್ಚತ್ತೆ ಅಂತ ಅಚ್ಚು ಹಾಕಿಸಿ ಮಾರಿದ ಕ್ಯಾಟಲಾಗ್ ಈ ಭೂಮಿ ಮೇಲಿದೆಯಾ? ಆ ಸಾಲು ತೆಗಿ."

"ಹೋದ ಸಲ ವಾಪಸು ಬಂದ ಕಂಬಳಿಗಳ ಜೊತೆ ಜನ ಏನು ಬರೆದಿದ್ರು, ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ?"

"ನಾನು ಕೆಳಗೆ ಹೋಗಿ ಕೇಳಿ ಬಂದೆ. ಚಳಿಯಾಯ್ತು ಅಂತ ಒಬ್ಬರೂ ಬರೆದಿಲ್ಲ. ಮೃದು ಅಂದ್ರಿ, ಮೃದು ಇಲ್ಲ. ಎಲ್ಲರದ್ದೂ ಅದೇ. ಕಂಬಳಿ ವಾಪಸು ಬಂದಿಲ್ಲ ಬಿರ್ಗರ್, ನಮ್ಮ ಪದ ವಾಪಸು ಬಂದಿದೆ."

ಬಿರ್ಗರ್ ಪೈಪಿಗೆ ತಂಬಾಕು ತುಂಬಿದ, ಹಚ್ಚದೆ ಕೆಳಗಿಟ್ಟ. "ಹೇಗೂ ಕೈಬಿಡೋಣ ಅಂತಿದ್ದ ಸಾಮಾನು. ಹಾಕು. ಕೆಟ್ಟರೆ ನಿನ್ನ ತಲೆಗೆ."

ಕ್ಯಾಟಲಾಗು ಶರತ್ಕಾಲದ ಆರಂಭಕ್ಕೆ ಮನೆಮನೆ ಸೇರಿತು. ಮೊದಲೆರಡು ವಾರ ಆ ಕಂಬಳಿಯನ್ನು ಕೇಳಿದವರು ವಿರಳ. ಯೋರ್ಡಿಸ್ ಏನೂ ಆಗದವಳಂತೆ ಓಡಾಡಿದಳು, ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಆ ಮೇಲೆ ಒಂದು ಮಧ್ಯಾಹ್ನ ಆರ್ಡರು ಬರೆದುಕೊಳ್ಳುವ ಫೋನಿನ ಹೆಂಗಸರು ನಗುತ್ತ ಮೇಲೆ ಬಂದರು.

"ಯೋರ್ಡಿಸ್, ಉತ್ತರದ ಕಡೆಯಿಂದ ಯಾರೋ ಫೋನ್ ಮಾಡಿ 'ಆ ಚುಚ್ಚೋ ಕಂಬಳಿ ಇದೆಯಲ್ಲ, ಅದು ಎರಡು ಕಳಿಸಿ' ಅಂತಾರೆ. ನಂಬರೂ ಹೇಳಲ್ಲ, ಹೆಸರೂ ಹೇಳಲ್ಲ. ಚುಚ್ಚೋ ಕಂಬಳಿ ಅಷ್ಟೇ!"

ಅವರೊಬ್ಬರೇ ಅಲ್ಲ. ದೋಣಿಯವರು, ಕಾಡಿನ ಕೆಲಸದವರು, ವರ್ಷವಿಡೀ ಕಿಟಕಿ ತೆರೆದು ಮಲಗುವ ಹಟದ ಮುದುಕಿಯರು, ಬೇಸಿಗೆ ಕಳೆಯಲು ಇಟ್ಟುಕೊಂಡ ಮನೆಯಲ್ಲಿ ಒಲೆಯಿಲ್ಲದವರು ಕೇಳಿದರು. ಒಬ್ಬಾಕೆಯಂತೂ "ಇಡೀ ಪುಸ್ತಕದಲ್ಲಿ ಅದೊಂದೇ ನಿಜ ಹೇಳಿದ್ದು, ಅದಕ್ಕೇ ತಗೋತಿದೀನಿ" ಎಂದಳಂತೆ. ಹಿಂದಿನ ವರ್ಷದಷ್ಟು ಜನ ತರಿಸಿಕೊಳ್ಳಲಿಲ್ಲ, ಅದೂ ನಿಜ. ಮೃದುವಾದದ್ದು ಬೇಕಾದವರು ಬೇರೆ ಪುಟ ತಿರುವಿಕೊಂಡರು. ಆದರೆ ಹೋದ ಕಂಬಳಿ ಹೋದ ಮನೆಯಲ್ಲೇ ಉಳಿಯಿತು. ಕ್ರಿಸ್‌ಮಸ್ಸಿನ ಹೊತ್ತಿಗೆ ಬಿರ್ಗರ್ ಮುಂದಿನ ವರ್ಷಕ್ಕೂ ಆ ಜಾಗವನ್ನು ಕಾದಿರಿಸಿದ. ಬಾಯಿಬಿಟ್ಟು ಏನೂ ಅನ್ನಲಿಲ್ಲ; ಗುರುವಾರ ಬಟಾಣಿ ಸಾರಿನ ಜೊತೆ ಬಂದ ತನ್ನ ಪಾಲಿನ ಪ್ಯಾನ್‌ಕೇಕನ್ನು ಯೋರ್ಡಿಸ್‌ಳ ತಟ್ಟೆಗೆ ಹಾಕಿದ.

ಸುದ್ದಿ ಹೇಳಲು ಅವಳು ಫೋನು ಮಾಡಿದಾಗ ಎವಾಲ್ಡ್‌ಗೆ ಸಂತೋಷವೂ ಆಯಿತು, ಅವಮಾನವೂ ಆಯಿತು.

"ಚುಚ್ಚೋ ಕಂಬಳಿ ಅಂತಾರಾ? ಚುಚ್ಚೋ ಕಂಬಳಿ ಅಂತ? ನಮ್ಮಪ್ಪನ ಕಂಬಳೀನ?"

ಹಿಂದಿನಿಂದ ಆಲ್ಫ್‌ಹಿಲ್ಡ್‌ಳ ನಗು ಕೇಳಿತು. ಆ ನಗು ಮುಗಿಯುವವರೆಗೂ ಇಬ್ಬರೂ ಕಾಯಬೇಕಾಯಿತು.

ಆಮೇಲೆ ಎವಾಲ್ಡ್‌ಗೆ ಬೋರೋಸಿನಲ್ಲಿ ಕೆಲಸ ಹುಟ್ಟಿಕೊಂಡಿತು. ನೂಲಿನ ಅಂಗಡಿ, ಹಲ್ಲಿನ ವೈದ್ಯರು, ಮಗ್ಗಕ್ಕೊಂದು ತಿರುಪು, ಏನಾದರೊಂದು. ಎಲ್ಲ ಕೆಲಸವೂ ಯೋರ್ಡಿಸ್‌ಳ ಊಟದ ಹೊತ್ತಿಗೇ ಮುಗಿಯುತ್ತಿತ್ತು. ಅವಳ ಭಾನುವಾರಗಳು ಕೆರೆಯ ಮನೆಗೆ ಹೊರಳಿದವು. ಆಲ್ಫ್‌ಹಿಲ್ಡ್ ಅವಳಿಗೆ ಮಗ್ಗಕ್ಕೆ ನೂಲು ಹೂಡುವುದನ್ನು ಕಲಿಸಲು ಹೋಗಿ, ಎರಡೇ ವಾರಕ್ಕೆ ಕೈಮುಗಿದಳು. "ಪದ ಕತ್ತರಿಸೋಳ ಕೈಗೆ ನೂಲು ಕೊಡಬಾರದು" ಎಂದಳು.

ಮುಂದಿನ ವಸಂತದ ಒಂದು ಭಾನುವಾರ ಸಂಜೆ, ಎವಾಲ್ಡ್ ಅವಳನ್ನು ಬಸ್ಸಿಗೆ ಬಿಡಲು ಬಂದ. ಕೆರೆಯ ಮಂಜುಗಡ್ಡೆ ಒಡೆದಿತ್ತು. ದಾರಿಯ ಬದಿಯಲ್ಲಿ ನೀಲಿ ಹೂಗಳು ಎದ್ದಿದ್ದವು. ಅವನು ಒಳ್ಳೆಯ ಕೋಟು ಹಾಕಿದ್ದ. ತಿರುವಿನಲ್ಲಿ ನಿಂತ ಮೇಲೆ ಗಂಟಲು ಸರಿಮಾಡಿಕೊಂಡ.

"ಯೋರ್ಡಿಸ್, ನೀನು ಅದ್ಭುತವಾದ… ತುಂಬ ವಿಶಿಷ್ಟವಾದ… ಅಂದ್ರೆ ಒಳ್ಳೆಯ, ತುಂಬ ಒಳ್ಳೆಯ…" ಅಲ್ಲಿಗೆ ನಿಂತುಹೋಯಿತು. ಕಿವಿ ಕೆಂಪಾಗಿದ್ದವು. ಅವಳು ನಗಲಿಲ್ಲ, ಕಾದಳು.

"ಸೋಮವಾರದಿಂದ ಶನಿವಾರದವರೆಗೆ ಮನೆ ಚೆನ್ನಾಗಿರಲ್ಲ" ಎಂದ ಕೊನೆಗೆ. "ಅಕ್ಕನೂ ಹಾಗೇ ಅಂತಾಳೆ."

ಬಸ್ಸು ಬಂತು. ಬಾಗಿಲು ತೆರೆಯಿತು. ಪ್ರತಿ ಭಾನುವಾರ ಅವಳನ್ನು ಹತ್ತಿಸಿಕೊಳ್ಳುತ್ತಿದ್ದ ಡ್ರೈವರು, "ಏನಮ್ಮ, ಬರ್ತೀಯಾ?" ಎಂದ.

"ಇವತ್ತು ಇಲ್ಲ" ಎಂದಳು ಯೋರ್ಡಿಸ್. "ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ. ಕೆಲಸ ಇದೆ."

ಹೊಳೆದಡದ ಮನೆಯನ್ನು ಅವಳು ಆ ಬೇಸಿಗೆಯಲ್ಲಿ ಬಿಟ್ಟಳು. ಮದುವೆ ಗಿದುವೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎವಾಲ್ಡ್ ಊರವರಿಗೆಲ್ಲ "ಇವಳು ನನ್ನ ಯೋರ್ಡಿಸ್" ಎಂದು ಪರಿಚಯಿಸಿದ. ನಿವೃತ್ತಿಯವರೆಗೂ ಅವಳು ಬೆಳಗಿನ ಬಸ್ಸಿನಲ್ಲೇ ಕ್ಯಾಟಲಾಗಿನ ಕೆಲಸಕ್ಕೆ ಹೋಗಿಬಂದಳು. ಹುಡುಗಿಯರ ಹಾಳೆಗಳ ಮೇಲೆ ಪೆನ್ಸಿಲು ಮೊದಲಿನಷ್ಟೇ ಚುರುಕಾಗಿ ಓಡುತ್ತಿತ್ತು. ಆದರೆ ಈಗ ಹೊಡೆದುಹಾಕಿದ ಪ್ರತಿ ಪದದ ಪಕ್ಕದಲ್ಲೂ ಒಂದು ಪ್ರಶ್ನೆ ಬರೆಯುತ್ತಿದ್ದಳು: ಎಷ್ಟು ಗಟ್ಟಿ? ಯಾರಿಗೆ ಹಗುರ? ಮುಟ್ಟಿ ನೋಡಿದೆಯಾ? ಹುಡುಗಿಯರು ಗೊಣಗುತ್ತ ಗೋದಾಮಿಗೆ ಇಳಿದು ಹೋಗಿ ಮುಟ್ಟಿ ನೋಡಿ ಬರುತ್ತಿದ್ದರು.

ಸಂಜೆ ಬಸ್ಸಿಳಿದರೆ ಎವಾಲ್ಡ್ ತಿರುವಿನಲ್ಲಿ ನಿಂತಿರುತ್ತಿದ್ದ. ಅವಳ ಚೀಲ ಇಸಿದುಕೊಂಡು, ಮನೆಯವರೆಗೂ ಆ ದಿನ ಕೆರೆಗಿಳಿದ ಹಂಸಗಳಿಂದ ಹಿಡಿದು ಅಕ್ಕ ಮಾಡಿದ ಮೀನಿನ ಸಾರಿನವರೆಗೆ ಎಲ್ಲವನ್ನೂ ಬಾಯ್ತುಂಬ ಬಣ್ಣಿಸುತ್ತ ನಡೆಯುತ್ತಿದ್ದ. ಅವಳು ಅವನ ತೋಳು ಹಿಡಿದು, ಒಂದು ಮಾತೂ ತಡೆಯದೆ ಕೇಳುತ್ತ ಹೋಗುತ್ತಿದ್ದಳು.